ಹಿಂದಕ್ಕೆ ಒತ್ತಿದರೆ ಹೊರಕ್ಕೆ: ಆಂಡ್ರಾಯ್ಡ್ ಗೇಮ್‌ಗಳ ಬ್ಯಾಕ್ ಬಟನ್

ಆಂಡ್ರಾಯ್ಡ್ ಫೋನಿನ ಗೇಮ್‌ಗಳಲ್ಲಿ ಪದೇಪದೇ ಕಾಣುವ ಒಂದು ದೋಷವಿದೆ. ಮುಖ್ಯ ಮೆನುವಿನಿಂದ ಸೆಟ್ಟಿಂಗ್ಸ್‌ಗೆ, ಅಲ್ಲಿಂದ ಸೌಂಡ್ ಪುಟಕ್ಕೆ ಹೋದ ಆಟಗಾರ ಸಂಗೀತದ ಸದ್ದು ತಗ್ಗಿಸಿ ಫೋನಿನ ಬ್ಯಾಕ್ ಬಟನ್ ಒತ್ತುತ್ತಾನೆ. ಸೆಟ್ಟಿಂಗ್ಸ್ ಪುಟಕ್ಕೆ ಮರಳಬೇಕಿತ್ತು. ಅದರ ಬದಲು ಫೋನಿನ ಹೋಮ್ ಸ್ಕ್ರೀನ್ ಕಾಣುತ್ತದೆ, ಗೇಮ್ ಇಡಿಯಾಗಿ ಮುಚ್ಚಿಹೋಗಿರುತ್ತದೆ. ಬಹಳ ಜನ ಇದನ್ನು ಕ್ರ್ಯಾಶ್ ಎನ್ನುತ್ತಾರೆ. ಆದರೆ ಕ್ರ್ಯಾಶ್ ಆಗುವುದು ಪ್ರೋಗ್ರಾಮ್ ಎಲ್ಲೋ ಎಡವಿದಾಗ. ಇಲ್ಲಿ ಯಾವುದೂ ಎಡವಿಲ್ಲ. ಫೋನು, ಗೇಮ್ ಎರಡೂ ತಮಗೆ ಹೇಳಿದ್ದನ್ನೇ ಮಾಡಿವೆ. ಮೆನುಗಳ ಲೆಕ್ಕ ಯಾರು ಇಡಬೇಕು ಎಂಬುದು ಮಾತ್ರ ಎಲ್ಲೂ ತೀರ್ಮಾನವಾಗಿಲ್ಲ.

ಬ್ಯಾಕ್ ಬಟನ್ ಆಂಡ್ರಾಯ್ಡ್ ಜೊತೆಗೇ ಹುಟ್ಟಿದ್ದು. 2008ರಲ್ಲಿ ಮಾರುಕಟ್ಟೆಗೆ ಬಂದ ಮೊದಲ ಆಂಡ್ರಾಯ್ಡ್ ಫೋನಿನಲ್ಲಿ ಅದು ಬೆರಳಿಗೆ ಸಿಗುವ ನಿಜವಾದ ಗುಂಡಿಯಾಗಿತ್ತು. 2011ರ ಹೊತ್ತಿಗೆ ಪರದೆಯ ಕೆಳಅಂಚಿನ ಪಟ್ಟಿಗೆ ಬಂದಿತು. 2019ರ ಆಂಡ್ರಾಯ್ಡ್ 10ರಿಂದ, ಅಂಚಿನಿಂದ ಒಳಕ್ಕೆ ಬೆರಳು ಸವರಿದರೂ ಅದೇ ಕೆಲಸವಾಗುತ್ತದೆ. ಐಫೋನಿನಲ್ಲಿ ಇಡೀ ಫೋನಿಗೆ ಸೇರಿದ ಇಂಥ ಬಟನ್ ಇಲ್ಲ. ಅಲ್ಲಿ ಆ್ಯಪ್ ತಯಾರಿಸಿದವರೇ ಪರದೆಯ ಮೂಲೆಯಲ್ಲಿ ಬಾಣದ ಗುರುತು ಬರೆಯುತ್ತಾರೆ. ಐಫೋನಿಗೆಂದು ಮೊದಲು ಮಾಡಿ ಆಮೇಲೆ ಆಂಡ್ರಾಯ್ಡಿಗೆ ತಂದ ಗೇಮ್‌ಗಳಲ್ಲಿ ಈ ದೋಷ ಸುಲಭವಾಗಿ ಉಳಿದುಬಿಡುತ್ತದೆ. ಗೇಮ್ ಬರೆದವರು ತಮ್ಮ ಬಾಣದ ಗುರುತನ್ನಷ್ಟೇ ನೆನಪಿಟ್ಟಿರುತ್ತಾರೆ.

ಬ್ಯಾಕ್ ಒತ್ತಿದಾಗ ಎಲ್ಲಿಗೆ ಹೋಗಬೇಕೆಂದು ಆಂಡ್ರಾಯ್ಡ್ ತಾನೇ ಒಂದು ಲೆಕ್ಕ ಇಡುತ್ತದೆ. ಆ ಲೆಕ್ಕದ ಘಟಕಕ್ಕೆ ಆ್ಯಕ್ಟಿವಿಟಿ ಎಂದು ಹೆಸರು. ಸಾಮಾನ್ಯ ಆ್ಯಪ್‌ನಲ್ಲಿ ಒಂದೊಂದು ಪುಟವೂ ಒಂದೊಂದು ಆ್ಯಕ್ಟಿವಿಟಿ ಆಗಿರಬಹುದು: ಪತ್ರಗಳ ಪಟ್ಟಿ ಒಂದು, ತೆರೆದ ಪತ್ರ ಇನ್ನೊಂದು. ಹೊಸದು ತೆರೆದಾಗ ಹಳೆಯದರ ಮೇಲೆ ಕೂರುತ್ತದೆ. ಬ್ಯಾಕ್ ಒತ್ತಿದರೆ ಮೇಲಿನದು ಹೋಗಿ ಕೆಳಗಿನದು ಕಾಣುತ್ತದೆ. ಎಲ್ಲಕ್ಕಿಂತ ಕೆಳಗಿರುವುದೊಂದೇ ಉಳಿದಿದ್ದಾಗ ಒತ್ತಿದರೆ ಆ್ಯಪ್‌ನಿಂದ ಹೊರಕ್ಕೆ ಬಂದಂತೆ.

ಗೇಮ್‌ಗಳ ರಚನೆ ಬೇರೆ. ಯೂನಿಟಿ, ಗೊಡೊ ಮುಂತಾದ ಗೇಮ್ ಇಂಜಿನ್‌ಗಳಲ್ಲಿ ತಯಾರಾದ ಗೇಮ್ ಸಾಮಾನ್ಯವಾಗಿ ಒಂದೇ ಆ್ಯಕ್ಟಿವಿಟಿ. ಇಂಜಿನ್ ಪರದೆಯಷ್ಟು ದೊಡ್ಡ ಖಾಲಿ ಜಾಗವೊಂದನ್ನು ಫೋನಿನಿಂದ ಕೇಳಿ ಪಡೆಯುತ್ತದೆ. ಮುಖ್ಯ ಮೆನು, ಸೆಟ್ಟಿಂಗ್ಸ್, ಸೌಂಡ್, ಆಟದ ಅಂಗಳ ಎಲ್ಲವನ್ನೂ ಆ ಜಾಗದೊಳಗೆ ತಾನೇ ಬಿಡಿಸುತ್ತದೆ. ಕಂಪನಿ ನಾಟಕದಲ್ಲಿ ಕಾಡಿನ ಪರದೆ ಸರಿದು ಅರಮನೆಯ ಪರದೆ ಇಳಿದರೂ ಬೀದಿಯಲ್ಲಿ ನಿಂತವನಿಗೆ ಕಾಣುವುದು ಒಂದೇ ಡೇರೆ. ಆಂಡ್ರಾಯ್ಡ್ ಹಾಗೆ ಹೊರಗೆ ನಿಂತಿದೆ. ಆಟಗಾರ ಮೂರು ಪುಟ ಒಳಗೆ ಹೋಗಿದ್ದರೂ ಅದರ ಲೆಕ್ಕದಲ್ಲಿ ಇರುವುದು ಒಂದೇ ಆ್ಯಕ್ಟಿವಿಟಿ, ಅದೇ ಕಟ್ಟಕಡೆಯದು. ಆದ್ದರಿಂದ ಗೇಮ್ ಮಧ್ಯೆ ಬಾಯಿಹಾಕದಿದ್ದರೆ ಬ್ಯಾಕ್ ಎಂದರೆ ಹೊರಕ್ಕೆ ಎಂದೇ ಅರ್ಥವಾಗುತ್ತದೆ.

ಹೊರಕ್ಕೆ ಹೋಗುವುದರಲ್ಲೂ ಎರಡು ಬಗೆ ಇವೆ. ದೋಷ ಹುಡುಕುವವರು ಇವೆರಡನ್ನು ಮೊದಲು ಬೇರ್ಪಡಿಸಿಕೊಳ್ಳಬೇಕು. ಆಂಡ್ರಾಯ್ಡ್ 11ರವರೆಗೆ, ಕಡೆಯ ಆ್ಯಕ್ಟಿವಿಟಿಯಲ್ಲಿ ಬ್ಯಾಕ್ ಒತ್ತಿದರೆ ವ್ಯವಸ್ಥೆ ಅದನ್ನು ಮುಗಿಸಿಯೇ ಬಿಡುತ್ತಿತ್ತು. 2021ರಲ್ಲಿ ಬಂದ ಆಂಡ್ರಾಯ್ಡ್ 12ರಿಂದ ಈ ರೂಢಿ ಬದಲಾಯಿತು. ಹೋಮ್ ಸ್ಕ್ರೀನಿನ ಐಕಾನ್‌ನಿಂದ ತೆರೆದ ಆ್ಯಪ್ ಆದರೆ ಅದನ್ನು ಮುಗಿಸದೆ ಹಿನ್ನೆಲೆಗೆ ಸರಿಸಲಾಗುತ್ತದೆ, ಹೋಮ್ ಬಟನ್ ಒತ್ತಿದಾಗ ಆಗುವಂತೆಯೇ. ಹೀಗೆ ಹಿನ್ನೆಲೆಗೆ ಸರಿದ ಗೇಮ್ ಅನ್ನು ಮತ್ತೆ ತೆರೆದರೆ ಬಿಟ್ಟ ಪುಟದಲ್ಲೇ ಕಾಣುತ್ತದೆ. ಗೇಮ್ ತನ್ನನ್ನು ತಾನೇ ಮುಗಿಸಿಕೊಂಡಿದ್ದರೆ ಮಾತ್ರ ತಯಾರಕರ ಲೋಗೋದಿಂದ ಎಲ್ಲ ಹೊಸದಾಗಿ ಶುರುವಾಗುತ್ತದೆ. ಕಂಪ್ಯೂಟರಿಗೆ ಫೋನ್ ಜೋಡಿಸಿದ್ದರೆ ಇದನ್ನು ಇನ್ನೂ ಖಚಿತವಾಗಿ ನೋಡಬಹುದು. ಕೆಳಗಿನ ಮೊದಲ ಆದೇಶ ಬ್ಯಾಕ್ ಬಟನ್ ಒತ್ತಿದಂತೆ ಮಾಡುತ್ತದೆ. ಎರಡನೆಯದು ಗೇಮ್ ಇನ್ನೂ ಜೀವಂತವಾಗಿದ್ದರೆ ಅದರ ಪ್ರಕ್ರಿಯೆಯ ಸಂಖ್ಯೆಯನ್ನು ತೋರಿಸುತ್ತದೆ, ಇಲ್ಲದಿದ್ದರೆ ಏನನ್ನೂ ತೋರಿಸುವುದಿಲ್ಲ. ಗೇಮ್‌ನ ಪ್ಯಾಕೇಜ್ ಹೆಸರನ್ನು ಮಾತ್ರ ಬದಲಿಸಿಕೊಳ್ಳಬೇಕು.

```
adb shell input keyevent 4
adb shell pidof com.example.game
```

ಹೊಸ ಫೋನಿನಲ್ಲೂ ಎರಡನೆಯ ಸಾಲಿಗೆ ಉತ್ತರ ಬರಲಿಲ್ಲವೆಂದರೆ, ಕ್ರ್ಯಾಶ್‌ನ ದಾಖಲೆಯೂ ಇಲ್ಲವೆಂದರೆ, ಗೇಮ್ ಮುಗಿಯಬೇಕೆಂಬ ಆದೇಶ ಬಂದಿದ್ದು ಒಳಗಿನಿಂದಲೇ ಎಂದು ಬಹುಮಟ್ಟಿಗೆ ತೀರ್ಮಾನಿಸಬಹುದು.

ಒಳಗಿನಿಂದ ಆದೇಶ ಹೇಗೆ ಬರುತ್ತದೆ ಎಂಬುದಕ್ಕೆ ಗೊಡೊ ಇಂಜಿನ್ ಒಳ್ಳೆಯ ಉದಾಹರಣೆ. 2014ರಿಂದ ಮುಕ್ತ ತಂತ್ರಾಂಶವಾಗಿ ಎಲ್ಲರಿಗೂ ಸಿಗುತ್ತಿರುವ ಈ ಇಂಜಿನ್ ಚಿಕ್ಕ ತಂಡಗಳಿಗೆ, ಒಬ್ಬರೇ ಕೂತು ಗೇಮ್ ಮಾಡುವವರಿಗೆ ಪ್ರಿಯವಾದದ್ದು. ಇದರ ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನಲ್ಲಿ Quit On Go Back ಎಂಬ ಆಯ್ಕೆಯೊಂದಿದೆ. ಯಾರೂ ಮುಟ್ಟದಿದ್ದರೆ ಅದು ಆನ್ ಆಗಿಯೇ ಇರುತ್ತದೆ. ಬ್ಯಾಕ್ ಒತ್ತಿದೊಡನೆ ಇಂಜಿನ್ ಎರಡು ಕೆಲಸ ಮಾಡುತ್ತದೆ. ಗೇಮ್‌ನ ಎಲ್ಲ ಭಾಗಗಳಿಗೂ NOTIFICATION_WM_GO_BACK_REQUEST ಎಂಬ ಸೂಚನೆ ಕಳಿಸುವುದು ಒಂದು. ಮೇಲಿನ ಆಯ್ಕೆ ಆನ್ ಆಗಿದ್ದರೆ ಗೇಮ್ ಮುಗಿಸುವುದು ಇನ್ನೊಂದು.

ಇವೆರಡೂ ಬೇರೆಬೇರೆ ಎಂಬುದನ್ನು ಗಮನಿಸದೆ ಹೋದರೆ ದೋಷ ಬಹಳ ಹೊತ್ತು ಕಾಡುತ್ತದೆ. ಸೂಚನೆ ಬಂದಾಗ ಸೌಂಡ್ ಪುಟ ಮುಚ್ಚಿ ಸೆಟ್ಟಿಂಗ್ಸ್ ತೋರಿಸುವ ಸಾಲುಗಳನ್ನು ಡೆವಲಪರ್ ಸರಿಯಾಗಿಯೇ ಬರೆದಿರುತ್ತಾನೆ. ಅವು ಓಡುತ್ತವೆ ಕೂಡ. ಆದರೆ ಸೂಚನೆಗೆ ಯಾರಾದರೂ ಉತ್ತರ ಕೊಟ್ಟರೋ ಇಲ್ಲವೋ ಎಂದು ಇಂಜಿನ್ ಕೇಳುವುದೇ ಇಲ್ಲ. ಆಯ್ಕೆ ಆನ್ ಇದೆ, ಆದ್ದರಿಂದ ಸೆಟ್ಟಿಂಗ್ಸ್ ಪುಟ ಕಾಣುವ ಮೊದಲೇ ಗೇಮ್ ಮುಗಿಯುತ್ತದೆ. ತನ್ನ ಸಾಲುಗಳಲ್ಲೇ ತಪ್ಪಿದೆಯೆಂದು ಅವನು ಅವನ್ನೇ ತಿದ್ದುತ್ತ ಕೂರುತ್ತಾನೆ.

ಕಂಪ್ಯೂಟರಿನಲ್ಲಿ ಪರೀಕ್ಷಿಸುವುದರಿಂದ ಗೊಂದಲ ಇನ್ನಷ್ಟು ಹೆಚ್ಚುತ್ತದೆ. ಅಲ್ಲಿ ಎಸ್ಕೇಪ್ ಕೀ ಒತ್ತಿದರೆ ಪುಟಗಳು ಒಂದೊಂದಾಗಿ ಸರಿಯಾಗಿ ಹಿಂದಕ್ಕೆ ಹೋಗುತ್ತವೆ. ಫೋನಿನ ಬ್ಯಾಕ್ ಬಟನ್ ಕೂಡ ಎಸ್ಕೇಪ್ ಕೀಯಂತೆಯೇ ಬರುತ್ತದೆ ಎಂದು ನಂಬಿ ಗೇಮ್ ಬಿಡುಗಡೆ ಮಾಡಲಾಗುತ್ತದೆ. ಯೂನಿಟಿಯಲ್ಲಿ ಈ ನಂಬಿಕೆ ನಿಜ. ಅಲ್ಲಿ ಬ್ಯಾಕ್ ಒತ್ತುವಿಕೆ ಎಸ್ಕೇಪ್ ಕೀಯ ರೂಪದಲ್ಲೇ ಗೇಮ್‌ಗೆ ತಲುಪುತ್ತದೆ, ತಾನಾಗಿ ಗೇಮ್ ಮುಚ್ಚುವುದೂ ಇಲ್ಲ. ಯೂನಿಟಿಯ ಗೇಮ್ ಮೆನುವಿನಿಂದ ಹಠಾತ್ತನೆ ಮುಚ್ಚಿದರೆ, ಎಸ್ಕೇಪ್ ಬಂದಾಗ ಯಾವ ಪುಟದಲ್ಲಿದ್ದೇವೆ ಎಂದು ನೋಡದೆ ಹೊರಬೀಳುವ ಸಾಲನ್ನು ಯಾರೋ ಬರೆದಿದ್ದಾರೆ ಎಂದು ಶಂಕಿಸಬೇಕು. ಗೊಡೊದಲ್ಲಿ ಬ್ಯಾಕ್‌ನದೇ ಬೇರೆ ಸೂಚನೆ, ಅದನ್ನು ಬೇರೆಯಾಗಿಯೇ ಹಿಡಿಯಬೇಕು.

ಪರಿಹಾರದ ಮೊದಲ ಹೆಜ್ಜೆ ಆ ಆಯ್ಕೆಯನ್ನು ಆಫ್ ಮಾಡುವುದು. ಅಷ್ಟಕ್ಕೇ ನಿಲ್ಲಿಸಿದರೆ ಬ್ಯಾಕ್ ಬಟನ್ ಯಾವ ಕೆಲಸವನ್ನೂ ಮಾಡದೆ ಸುಮ್ಮನಾಗುತ್ತದೆ. ಗೇಮ್ ಮುಚ್ಚುವುದಕ್ಕಿಂತ ಇದು ವಾಸಿಯೆಂದು ಹಲವರು ಇಲ್ಲಿಗೇ ಕೈಬಿಡುತ್ತಾರೆ. ಆದರೆ ಒತ್ತಿದರೂ ಏನೂ ಆಗದ ಬಟನ್ ಕಂಡ ಆಟಗಾರ ಗೇಮ್ ಸಿಕ್ಕಿಹಾಕಿಕೊಂಡಿದೆ ಎಂದುಕೊಂಡು ಅದನ್ನು ಬಲವಂತವಾಗಿ ಮುಚ್ಚುತ್ತಾನೆ. ಆಂಡ್ರಾಯ್ಡ್ ಇಡದ ಲೆಕ್ಕವನ್ನು ಗೇಮ್ ಇಡಬೇಕು, ಅದು ಎರಡನೆಯ ಹೆಜ್ಜೆ. ಅದಕ್ಕೆ ಒಂದು ಪಟ್ಟಿ ಸಾಕು. ಪುಟ ತೆರೆದಾಗ ಅದನ್ನು ಪಟ್ಟಿಯ ಕೊನೆಗೆ ಸೇರಿಸುವುದು, ಬ್ಯಾಕ್ ಬಂದಾಗ ಕೊನೆಯದನ್ನು ತೆಗೆದು ಅದರ ಹಿಂದಿನದನ್ನು ತೋರಿಸುವುದು. ಗೊಡೊ 4ರ ಭಾಷೆಯಲ್ಲಿ ಇದು ಇಷ್ಟೇ:

```gdscript
extends Node

var screens: Array[Control] = []

func _ready() -> void:
    get_tree().quit_on_go_back = false

func open(s: Control) -> void:
    if not screens.is_empty():
        screens.back().hide()
    screens.append(s)
    s.show()

func go_back() -> void:
    if screens.size() > 1:
        screens.pop_back().hide()
        screens.back().show()
    else:
        get_tree().quit()

func _notification(what: int) -> void:
    if what == NOTIFICATION_WM_GO_BACK_REQUEST:
        go_back()
```

ಆರಂಭದ ಉದಾಹರಣೆಯನ್ನು ಇದರ ಮೇಲೆ ನಡೆಸಿ ನೋಡಬಹುದು. ಗೇಮ್ ತೆರೆದಾಗ ಪಟ್ಟಿಯಲ್ಲಿ ಮುಖ್ಯ ಮೆನು ಒಂದೇ ಇರುತ್ತದೆ. ಸೆಟ್ಟಿಂಗ್ಸ್ ತೆರೆದರೆ ಎರಡು, ಸೌಂಡ್ ತೆರೆದರೆ ಮೂರು. ಬ್ಯಾಕ್ ಒತ್ತಿದಾಗ ಸೌಂಡ್ ಪುಟ ಹೋಗಿ ಸೆಟ್ಟಿಂಗ್ಸ್ ಕಾಣುತ್ತದೆ, ಮತ್ತೊಮ್ಮೆ ಒತ್ತಿದರೆ ಮುಖ್ಯ ಮೆನು. ಅಲ್ಲಿ ಮತ್ತೆ ಒತ್ತಿದರೆ ಪಟ್ಟಿಯಲ್ಲಿ ಒಂದೇ ಉಳಿದಿರುವುದರಿಂದ ಗೇಮ್ ಮುಗಿಯುತ್ತದೆ. ಗೇಮ್ ಮುಚ್ಚುವುದು ತಪ್ಪಲ್ಲ, ಮುಚ್ಚಬೇಕಾದ ಜಾಗ ಇದೊಂದೇ.

ಈ ಸಾಲುಗಳನ್ನು ಗೇಮ್‌ನ ಉದ್ದಕ್ಕೂ ಉಳಿಯುವ ಒಂದೇ ಒಂದು ಕಡೆ ಇಡಬೇಕು. ಗೊಡೊದವರು ಇಂಥದ್ದನ್ನು ಆಟೋಲೋಡ್ ಎನ್ನುತ್ತಾರೆ. ಪ್ರತಿ ಪುಟವೂ ತನ್ನ ಬ್ಯಾಕ್ ಅನ್ನು ತಾನೇ ನೋಡಿಕೊಳ್ಳಲಿ ಎಂದು ಹಂಚಿದರೆ ಹೊಸ ತೊಂದರೆ ಶುರುವಾಗುತ್ತದೆ. ಸೂಚನೆ ಎಲ್ಲ ಭಾಗಗಳಿಗೂ ಏಕಕಾಲಕ್ಕೆ ಹೋಗುತ್ತದೆ. ಒಬ್ಬರು ಉತ್ತರಿಸಿದರೆ ಉಳಿದವರಿಗೆ ತಡೆಯುವ ವ್ಯವಸ್ಥೆ ಅದರಲ್ಲಿಲ್ಲ. ಸೌಂಡ್ ಪುಟ ತನ್ನನ್ನು ಮುಚ್ಚಿಕೊಳ್ಳುತ್ತದೆ, ಅದೇ ಗಳಿಗೆಯಲ್ಲಿ ಸೆಟ್ಟಿಂಗ್ಸ್ ಪುಟವೂ ಮುಚ್ಚಿಕೊಳ್ಳುತ್ತದೆ, ಹಿಂದೆ ಅಡಗಿದ್ದ ಮುಖ್ಯ ಮೆನು ತನಗೇ ಹೇಳಿದ್ದೆಂದು ತಿಳಿದು ಗೇಮ್ ಮುಗಿಸುತ್ತದೆ. ಆಯ್ಕೆ ಆಫ್ ಮಾಡಿದ ಮೇಲೂ ಗೇಮ್ ಮುಚ್ಚುತ್ತಲೇ ಇದ್ದರೆ ಮೊದಲು ನೋಡಬೇಕಾದದ್ದು ಇದನ್ನೇ. ಕಣ್ಣಿಗೆ ಕಾಣದ ಪುಟಕ್ಕೂ ಸೂಚನೆ ಕೇಳಿಸುತ್ತದೆ ಎಂಬುದು ಹಲವರಿಗೆ ಹೊಳೆಯುವುದಿಲ್ಲ.

ಪರದೆಯ ಮೇಲೆ ಬಿಡಿಸಿದ ಬಾಣದ ಗುರುತು ಕೂಡ ಇದೇ go_back ಅನ್ನು ಕರೆಯಬೇಕು. ಎಷ್ಟೋ ಗೇಮ್‌ಗಳಲ್ಲಿ ಆ ಬಾಣ ಒತ್ತಿದಾಗಲೇ ಬದಲಾದ ಸೆಟ್ಟಿಂಗ್ಸ್ ಫೈಲಿಗೆ ಬರೆಯಲಾಗುತ್ತದೆ. ಫೋನಿನ ಬ್ಯಾಕ್ ಬಟನ್ ಬೇರೆ ದಾರಿ ಹಿಡಿದರೆ ಪುಟವೇನೋ ಸರಿಯಾಗಿ ಹಿಂದಕ್ಕೆ ಹೋಗುತ್ತದೆ, ಸದ್ದಿನ ಮಟ್ಟ ಮಾತ್ರ ಮುಂದಿನ ಸಲ ಹಳೆಯದೇ ಆಗಿರುತ್ತದೆ. ಎರಡಕ್ಕೂ ಒಂದೇ ದಾರಿಯಿದ್ದರೆ ಈ ಪ್ರಶ್ನೆ ಏಳುವುದಿಲ್ಲ. ಬದಲಾವಣೆ ಆದ ತಕ್ಷಣ ಬರೆದಿಡುವುದು ಇನ್ನೂ ಒಳ್ಳೆಯದು. ಹಿನ್ನೆಲೆಗೆ ಸರಿದ ಆ್ಯಪ್ ಅನ್ನು ಆಂಡ್ರಾಯ್ಡ್ ಯಾವ ಮುನ್ಸೂಚನೆಯೂ ಇಲ್ಲದೆ ಕೊಲ್ಲಬಹುದು. ಮುಚ್ಚುವಾಗ ಬರೆದರಾಯಿತು ಎಂಬ ಧೈರ್ಯಕ್ಕೆ ಫೋನಿನಲ್ಲಿ ಆಧಾರವಿಲ್ಲ.

ಪಟ್ಟಿಗೂ ತನ್ನದೇ ಕಾಯಿಲೆಗಳಿವೆ. ಮೆನುವಿನಲ್ಲಿ ‘ಮುಖಪುಟಕ್ಕೆ ಹೋಗಿ’ ಎಂಬ ಬಟನ್ ಇದ್ದು ಅದು ಮುಖ್ಯ ಮೆನುವನ್ನು ಹೊಸದಾಗಿ open ಮಾಡಿದರೆ ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ಆಮೇಲೆ ಬ್ಯಾಕ್ ಒತ್ತುವವನು ಮುಖ್ಯ ಮೆನು, ಸೆಟ್ಟಿಂಗ್ಸ್, ಮತ್ತೆ ಮುಖ್ಯ ಮೆನು ಎಂದು ಹಿಂದೆ ಓಡಾಡಿದ ದಾರಿಯನ್ನೆಲ್ಲ ಮತ್ತೆ ತುಳಿಯಬೇಕು, ಹೊರಕ್ಕೆ ಬರುವ ದಾರಿಯೇ ಸಿಗದು. ಮುಖಪುಟದ ಬಟನ್ ಪಟ್ಟಿಯನ್ನು ಮೊದಲ ಪುಟದವರೆಗೆ ಖಾಲಿ ಮಾಡಬೇಕು, ಹೊಸದನ್ನು ಸೇರಿಸಬಾರದು. ಆಟ ಶುರುವಾದಾಗ ಇಂಜಿನ್ ಮೆನುಗಳ ದೃಶ್ಯವನ್ನೇ ಅಳಿಸಿ ಆಟದ ದೃಶ್ಯ ತಂದರೂ ಹೀಗೆಯೇ. ಪಟ್ಟಿಯಲ್ಲಿ ಉಳಿದ ಹೆಸರುಗಳಿಗೆ ಆಗ ಪುಟಗಳೇ ಇರುವುದಿಲ್ಲ; ಬ್ಯಾಕ್ ಒತ್ತಿದರೆ ಈ ಸಲ ನಿಜವಾದ ದೋಷಸಂದೇಶವೇ ಬರುತ್ತದೆ. ದೃಶ್ಯ ಬದಲಾಗುವಾಗ ಪಟ್ಟಿಯನ್ನೂ ಹೊಸದಾಗಿ ಶುರುಮಾಡಬೇಕು. ಒಂದು ಪುಟ ಮೆಲ್ಲಗೆ ಮಸುಕಾಗಿ ಇನ್ನೊಂದು ಮೂಡುವ ಅಲಂಕಾರವಿದ್ದರೆ, ಆ ಅರ್ಧ ಸೆಕೆಂಡಿನಲ್ಲಿ ಬಂದ ಎರಡನೇ ಒತ್ತುವಿಕೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿರುವುದು ಕ್ಷೇಮ.

ಆಟ ನಡೆಯುತ್ತಿರುವಾಗ ಬ್ಯಾಕ್ ಒತ್ತಿದರೆ ಏನಾಗಬೇಕು? ವಿರಾಮದ ಪುಟ ತೆರೆಯುವುದು ರೂಢಿ. ಅಲ್ಲಿ ಮತ್ತೆ ಒತ್ತಿದರೆ ಆಟಕ್ಕೆ ಮರಳಬೇಕೇ, ಮೆನುವಿಗೆ ಹೋಗಬೇಕೇ ಎಂಬುದರಲ್ಲಿ ಗೇಮ್‌ಗಳು ಒಂದೇ ಬಗೆ ನಡೆದುಕೊಳ್ಳುವುದಿಲ್ಲ. ವಿರಾಮದ ಪುಟ ಆಟದ ಮೇಲೆ ಬಂದು ಕೂತದ್ದು, ಅದು ಸರಿದರೆ ಕಾಣಬೇಕಾದದ್ದು ಆಟವೇ. ಪಟ್ಟಿಯ ನ್ಯಾಯದಂತೆ ಆಟಕ್ಕೆ ಮರಳುವುದೇ ಸರಿ. ಮುಗಿಯದ ಆಟವನ್ನು ಬಿಟ್ಟುಹೋಗುವುದು ಮಾತ್ರ ಸ್ಪಷ್ಟವಾಗಿ ಬಟನ್ ಒತ್ತಿಯೇ ಆಗಬೇಕು.

ಕೆಲವು ಸಲ ಒತ್ತುವಿಕೆ ಗೇಮ್‌ನವರೆಗೆ ಬರುವುದೇ ಇಲ್ಲ. ಆಟಗಾರನ ಹೆಸರು ಬರೆಯುವ ಪುಟದಲ್ಲಿ ಕೀಬೋರ್ಡ್ ತೆರೆದಿದ್ದರೆ ಮೊದಲ ಬ್ಯಾಕ್ ಕೀಬೋರ್ಡ್ ಮುಚ್ಚುವುದಕ್ಕೆ ಖರ್ಚಾಗುತ್ತದೆ, ಅದು ಹಾಗೆಯೇ ಇರಬೇಕು. ಪರದೆಯ ತುಂಬ ಹರಡಿ ಕೆಳಗಿನ ಪಟ್ಟಿಯನ್ನು ಅಡಗಿಸಿಟ್ಟ ಗೇಮ್‌ನಲ್ಲಿ ಅಂಚಿನಿಂದ ಸವರಿದರೆ ಮೊದಲ ಸಲ ಅಡಗಿದ ಪಟ್ಟಿ ಕಾಣುತ್ತದೆ, ಎರಡನೇ ಸಲ ಬ್ಯಾಕ್ ಕೆಲಸ ಮಾಡುತ್ತದೆ. ಒಂದು ಸಲ ಸವರಿದಾಗ ಏನೂ ಆಗಲಿಲ್ಲವೆಂಬ ದೂರಿಗೆ ಹೆಚ್ಚಾಗಿ ಇದೇ ಕಾರಣ.

ಇದರ ವಿರುದ್ಧ ದಿಕ್ಕಿನ ತೊಂದರೆ ಹೆಚ್ಚು ಕೆಟ್ಟದ್ದು: ಬ್ಯಾಕ್ ಒತ್ತುವ ಉದ್ದೇಶವೇ ಇಲ್ಲದಿದ್ದರೂ ಗೇಮ್ ಮುಚ್ಚುವುದು. ಮಟ್ಟಗಳನ್ನು ಅಡ್ಡಡ್ಡ ಸರಿಸಿ ಆರಿಸುವ ಮೆನುವಿನಲ್ಲಿ ಬೆರಳು ಅಂಚಿನಿಂದಲೇ ಹೊರಟರೆ ಫೋನ್ ಅದನ್ನು ಬ್ಯಾಕ್ ಎಂದು ತಿಳಿಯುತ್ತದೆ. ಪರದೆಯ ಅಂಚಿನ ಒಂದಷ್ಟು ಭಾಗದಲ್ಲಿ ಈ ಸನ್ನೆ ಬೇಡವೆಂದು ಆ್ಯಪ್ ಕೇಳಿಕೊಳ್ಳಬಹುದು, ಆದರೆ ಆಂಡ್ರಾಯ್ಡ್ ಅದಕ್ಕೊಂದು ಮಿತಿ ಹಾಕಿದೆ. ಆಟಗಾರನ ಕೈಯಲ್ಲಿರುವ ಉಪಾಯವೆಂದರೆ ಫೋನಿನ ನ್ಯಾವಿಗೇಶನ್ ಸೆಟ್ಟಿಂಗ್ಸ್‌ನಲ್ಲಿ ಸನ್ನೆಯ ಬದಲು ಮೂರು ಬಟನ್‌ಗಳ ಪಟ್ಟಿಯನ್ನು ಆರಿಸುವುದು. ಉಳಿದಂತೆ ಅವನು ಮಾಡಬಹುದಾದದ್ದು ಕಡಿಮೆ. ಗೇಮ್ ಮಾಡಿದವರಿಗೆ ದೂರು ಬರೆಯುವಾಗ ಆಂಡ್ರಾಯ್ಡ್ ಆವೃತ್ತಿ, ಸನ್ನೆಯೋ ಬಟನ್ನೋ, ಯಾವ ಪುಟದಲ್ಲಿ ಒತ್ತಿದ್ದು, ಮತ್ತೆ ತೆರೆದಾಗ ಲೋಗೋ ಕಾಣಿಸಿತೇ ಎಂಬ ನಾಲ್ಕು ಸಂಗತಿ ತಿಳಿಸಿದರೆ ದೋಷ ಹುಡುಕುವ ಕೆಲಸ ಅರ್ಧ ಮುಗಿದಂತೆ.

ಈಚಿನ ವರ್ಷಗಳಲ್ಲಿ ಆಂಡ್ರಾಯ್ಡ್ ಬ್ಯಾಕ್‌ನ ವ್ಯವಸ್ಥೆಯನ್ನೇ ಬದಲಿಸುತ್ತಿದೆ. ಹಳೆಯ ಕ್ರಮದಲ್ಲಿ ಬಟನ್ ಒತ್ತಿದ ಮೇಲೆ ಫೋನ್ ಆ್ಯಪ್‌ಗೆ ಸುದ್ದಿ ಕೊಡುತ್ತಿತ್ತು, ಆ್ಯಪ್ ಆಮೇಲೆ ನಿರ್ಧರಿಸುತ್ತಿತ್ತು. 2022ರ ಆಂಡ್ರಾಯ್ಡ್ 13ರಲ್ಲಿ ಹೊಸ ಕ್ರಮ ಬಂದಿತು. ಬೆರಳು ಅಂಚಿನಿಂದ ಸವರುತ್ತಿರುವಾಗಲೇ, ಬಿಟ್ಟರೆ ಎಲ್ಲಿಗೆ ಹೋಗುತ್ತೀರಿ ಎಂಬುದರ ಮುನ್ನೋಟವನ್ನು ಫೋನ್ ತೋರಿಸಬೇಕೆಂಬುದು ಇದರ ಗುರಿ. ಅದಕ್ಕೆ ಬ್ಯಾಕ್ ಅನ್ನು ತಾನು ನೋಡಿಕೊಳ್ಳುತ್ತೇನೆಯೇ ಇಲ್ಲವೇ ಎಂದು ಆ್ಯಪ್ ಮುಂಚಿತವಾಗಿಯೇ ಹೆಸರು ನೋಂದಾಯಿಸಿಟ್ಟಿರಬೇಕು. ಯಾವುದೂ ನೋಂದಣಿಯಾಗಿಲ್ಲದಿದ್ದರೆ ಫೋನ್ ಹೋಮ್ ಸ್ಕ್ರೀನನ್ನು ಇಣುಕಿಸಿ ತೋರಿಸಿ ಅಲ್ಲಿಗೇ ಒಯ್ಯುತ್ತದೆ.

ಗೇಮ್‌ನ ಪಟ್ಟಿಗೆ ಇದು ಸುಲಭವಾಗಿ ಹೊಂದುತ್ತದೆ. ಪಟ್ಟಿಯಲ್ಲಿ ಒಂದಕ್ಕಿಂತ ಹೆಚ್ಚು ಪುಟವಿರುವಷ್ಟು ಹೊತ್ತು ನೋಂದಣಿ ಇರಬೇಕು, ಮುಖ್ಯ ಮೆನು ಒಂದೇ ಉಳಿದಾಗ ಹಿಂತೆಗೆಯಬೇಕು. ಹೊಂದದೆ ಹೋಗುವುದು ‘ಹೊರಹೋಗಲು ಮತ್ತೊಮ್ಮೆ ಒತ್ತಿ’ ಎಂಬ ಹಳೆಯ ಉಪಾಯ. ಆ ಸಂದೇಶ ತೋರಿಸಬೇಕಾದರೆ ಮುಖ್ಯ ಮೆನುವಿನಲ್ಲೂ ಬ್ಯಾಕ್ ಅನ್ನು ಗೇಮ್ ಹಿಡಿದಿಟ್ಟುಕೊಳ್ಳಬೇಕು, ಆಗ ಫೋನ್ ಮುನ್ನೋಟ ತೋರಿಸಲಾರದು. ಮೆನುಗಳ ನಡುವಿನ ಲೆಕ್ಕ ಸರಿಯಿರುವ ಗೇಮ್‌ಗೆ ಆ ಸಂದೇಶದ ಅಗತ್ಯವೂ ಕಡಿಮೆ.

2025ರ ಆಂಡ್ರಾಯ್ಡ್ 16ರಲ್ಲಿ ಬದಲಾವಣೆ ಗಟ್ಟಿಯಾಯಿತು. ಆ ಆವೃತ್ತಿಯನ್ನೇ ಗುರಿಯಾಗಿಟ್ಟು, ಅಂದರೆ ಎಪಿಐ 36ಕ್ಕೆಂದು ತಯಾರಿಸಿದ ಆ್ಯಪ್ ಅಂಥ ಫೋನಿನಲ್ಲಿ ಓಡುವಾಗ ಹಳೆಯ onBackPressed ಅನ್ನು ವ್ಯವಸ್ಥೆ ಕರೆಯುವುದಿಲ್ಲ, KEYCODE_BACK ಎಂಬ ಕೀ ಸಂಕೇತವನ್ನೂ ಕಳಿಸುವುದಿಲ್ಲ. ಅವುಗಳನ್ನೇ ನಂಬಿಕೊಂಡ ಹಳೆಯ ಇಂಜಿನ್‌ನಲ್ಲಿ ಕಟ್ಟಿದ ಗೇಮ್‌ಗೆ ಬ್ಯಾಕ್ ಒತ್ತಿದ್ದೇ ಗೊತ್ತಾಗುವುದಿಲ್ಲ. ಪಟ್ಟಿ ಸರಿಯಾಗಿದೆ, ಸಾಲುಗಳು ಸರಿಯಾಗಿವೆ, ಆದರೂ ಸೌಂಡ್ ಪುಟದಿಂದ ನೇರವಾಗಿ ಹೋಮ್ ಸ್ಕ್ರೀನ್. ಹಳೆಯ ಫೋನಿನಲ್ಲಿ ಸರಿಯಾಗಿ ನಡೆಯುವ ಗೇಮ್ ಹೊಸ ಫೋನಿನಲ್ಲಿ ಮಾತ್ರ ಹೀಗೆ ಮಾಡಿದರೆ, ಅದೂ ಗುರಿ ಆವೃತ್ತಿ ಏರಿಸಿದ ಮೇಲೆ ಶುರುವಾಗಿದ್ದರೆ, ಕಾರಣ ಇದೇ ಇರುವ ಸಂಭವ ಹೆಚ್ಚು. ಹೊಸ ಕ್ರಮ ತಿಳಿದ ಇಂಜಿನ್ ಆವೃತ್ತಿಗೆ ಹೋಗುವುದು ಇದಕ್ಕೆ ಸರಿಯಾದ ದಾರಿ. ಅಷ್ಟು ಸಮಯವಿಲ್ಲದಿದ್ದರೆ ಗೇಮ್‌ನ AndroidManifest.xml ಫೈಲಿನ application ಭಾಗದಲ್ಲಿ ಈ ಸಾಲು ಸೇರಿಸಿ ಆಂಡ್ರಾಯ್ಡ್ 16ರಲ್ಲಿ ಸದ್ಯಕ್ಕೆ ಹಳೆಯ ಕ್ರಮಕ್ಕೆ ಮರಳಬಹುದು:

```xml
android:enableOnBackInvokedCallback="false"
```